ಒಂದೇ ಕ್ಯಾಂಟೀನಲ್ಲಿ ಊಟ ಹಾಕಿದರೆ ಕಾಂಟ್ರ್ಯಾಕ್ಟ್‌ನವರು ಪರ್ಮನೆಂಟ್ ಆಗಿಬಿಡುತ್ತಾರಾ?

ಓದುಗರ ಪ್ರಶ್ನೆ: "ಪೀಣ್ಯದಲ್ಲಿ ನಮ್ಮದು ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ. 140 ಜನ ಪರ್ಮನೆಂಟ್, 90 ಜನ ಕಾಂಟ್ರ್ಯಾಕ್ಟ್. ಕಾಂಟ್ರ್ಯಾಕ್ಟ್ ಹುಡುಗರಿಗೆ ತಾವು ಎರಡನೇ ದರ್ಜೆಯವರು ಅನ್ನಿಸಿಬಿಟ್ಟಿದೆ, ಕೆಲಸ ಕಲಿತ ಮೇಲೆ ಬಿಟ್ಟು ಹೋಗುತ್ತಾರೆ. ಊಟ, ಬಸ್ಸು, ಶೂ ಎಲ್ಲ ಒಂದೇ ಥರ ಕೊಡೋಣ ಅಂದರೆ ನಮ್ಮ ಎಂ.ಡಿ. ಒಪ್ಪುವುದಿಲ್ಲ. ಹಾಗೆ ಕೊಟ್ಟರೆ ನಾಳೆ ಪರ್ಮನೆಂಟ್ ಮಾಡಿ ಅಂತ ಕೋರ್ಟಿಗೆ ಹೋಗುತ್ತಾರೆ ಅನ್ನುತ್ತಾರೆ. ಏನು ಮಾಡಲಿ?"

ಈ ಪ್ರಶ್ನೆ ಬಾರದ ತಿಂಗಳೇ ಇಲ್ಲ. ಫೋನಿನಲ್ಲಿ ಹೇಳಿದ್ದೇನೆ, ತರಬೇತಿಗಳಲ್ಲಿ ಹೇಳಿದ್ದೇನೆ, ಬೋರ್ಡಿನ ಮೇಲೆ ಬರೆದೂ ತೋರಿಸಿದ್ದೇನೆ. ಆದರೂ ಎಂ.ಡಿ.ಗಳಿಗೆ ಯಾರೋ ಯಾವತ್ತೋ ಹೇಳಿದ ಈ ಮಾತು ತಲೆಯಿಂದ ಹೋಗುವುದೇ ಇಲ್ಲ. ಆದ್ದರಿಂದ ಈ ಸಲ ಪೂರ್ತಿ ಬರೆಯುತ್ತೇನೆ. ನಿಮ್ಮ ಎಂ.ಡಿ.ಗೆ ಇದನ್ನೇ ಕೊಡಿ.

ಮೊದಲು ಕಾನೂನು. ಗುತ್ತಿಗೆ ಕಾರ್ಮಿಕರು ತಾವಾಗಿಯೇ ಮೂಲ ಕಂಪನಿಯ ನೌಕರರಾಗುತ್ತಾರಾ ಅನ್ನುವ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ 2001ರಲ್ಲೇ ಬಗೆಹರಿಸಿದೆ. ಸ್ಟೀಲ್ ಅಥಾರಿಟಿ ಪ್ರಕರಣ ಅಂತ ಎಲ್ಲ ಲೇಬರ್ ವಕೀಲರಿಗೂ ಅದು ಗೊತ್ತು. ತಾವಾಗಿಯೇ ಆಗುವುದಿಲ್ಲ. ಗುತ್ತಿಗೆ ಅನ್ನುವುದೇ ಬರೀ ತೋರಿಕೆ, ಹೆಸರಿಗೊಬ್ಬ ಕಾಂಟ್ರ್ಯಾಕ್ಟರ್, ಒಳಗೆ ಎಲ್ಲವನ್ನೂ ನಡೆಸುವುದು ಕಂಪನಿಯೇ ಅಂತ ಸಾಬೀತಾದರೆ ಮಾತ್ರ ಆಗುತ್ತಾರೆ.

ತೋರಿಕೆಯೋ ನಿಜವೋ ಅಂತ ಹೇಗೆ ನೋಡುತ್ತಾರೆ? 2014ರಲ್ಲಿ ಏರ್ ಇಂಡಿಯಾದ ಕ್ಯಾಂಟೀನ್ ಕೆಲಸಗಾರರ ಪ್ರಕರಣದಲ್ಲಿ ಕೋರ್ಟ್ ಇದನ್ನು ಬಿಡಿಸಿ ಹೇಳಿತು. ಕೆಲಸಕ್ಕೆ ತೆಗೆದುಕೊಂಡವರು ಯಾರು, ಸಂಬಳ ಕೊಡುವವರು ಯಾರು, ಕೆಲಸದಿಂದ ತೆಗೆಯುವ ಅಧಿಕಾರ ಯಾರದ್ದು, ಶಿಸ್ತು ಕ್ರಮ ಯಾರು ತೆಗೆದುಕೊಳ್ಳುತ್ತಾರೆ, ಸೇವೆ ಎಡೆಬಿಡದೆ ನಡೆದಿದೆಯಾ, ಪೂರ್ತಿ ಹಿಡಿತ ಯಾರ ಕೈಯಲ್ಲಿದೆ. ಈ ಆರು ವಿಷಯ. ಅದರಲ್ಲಿ ಊಟ ಇಲ್ಲ, ಬಸ್ಸಿಲ್ಲ, ಶೂ ಇಲ್ಲ. ಆ ಪ್ರಕರಣದಲ್ಲಿ ಕೋರ್ಟಿಗೆ ಹೋಗಿದ್ದವರು ಅಲ್ಲಿನ ಕ್ಯಾಂಟೀನಿನಲ್ಲೇ ದುಡಿಯುತ್ತಿದ್ದವರು. ಅವರೇ ಕಂಪನಿಯ ನೌಕರರಲ್ಲ ಅಂತ ತೀರ್ಪು ಬಂತು. ಹಾಗಿರುವಾಗ ಕ್ಯಾಂಟೀನಿನಲ್ಲಿ ಬರೀ ಊಟ ಮಾಡಿದವರು ಅದೊಂದೇ ಕಾರಣಕ್ಕೆ ನೌಕರರಾಗುವುದು ಹೇಗೆ?

ಇನ್ನೊಂದು ಮಾತು ಇದೆ, ಇದನ್ನು ಬಹಳ ಜನ ತಲೆಕೆಳಗಾಗಿ ತಿಳಿದಿದ್ದಾರೆ. ಊಟ, ನೀರು, ಶೌಚಾಲಯ, ವಿಶ್ರಾಂತಿ ಕೋಣೆ ಕೊಡುವುದು ನೀವು ತೋರಿಸುವ ಔದಾರ್ಯ ಅಲ್ಲ, ಕಾನೂನೇ ಹೇಳಿದ ಹೊಣೆ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ, ಕಾಂಟ್ರ್ಯಾಕ್ಟರ್ ಈ ಸೌಲಭ್ಯ ಕೊಡದಿದ್ದರೆ ಮೂಲ ಕಂಪನಿ ಕೊಡಬೇಕು, ಖರ್ಚನ್ನು ಅವನಿಂದ ವಸೂಲಿ ಮಾಡಬಹುದು ಅಂತಿತ್ತು. 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಇನ್ನೂ ನೇರವಾಗಿದೆ. ಗುತ್ತಿಗೆ ಕಾರ್ಮಿಕರ ಈ ಸೌಲಭ್ಯಗಳನ್ನು ಮೂಲ ಕಂಪನಿಯೇ ಕೊಡಬೇಕು. ಕ್ಯಾಂಟೀನ್ ಬೇಕೋ ಬೇಡವೋ ಅಂತ 100 ಜನರ ಲೆಕ್ಕ ಹಾಕುವಾಗಲೂ ಗುತ್ತಿಗೆಯವರನ್ನು ಸೇರಿಸಿಯೇ ಎಣಿಸಬೇಕು. ಕಾನೂನು ಕೊಡು ಅಂದಿದ್ದನ್ನು ಕೊಟ್ಟಿದ್ದಕ್ಕೇ ಅದೇ ಕಾನೂನು ಶಿಕ್ಷೆ ಕೊಡುತ್ತದೆ ಅನ್ನುವುದರಲ್ಲಿ ಅರ್ಥ ಇದೆಯಾ?

ಹಾಗಾದರೆ ಅಪಾಯ ಎಲ್ಲಿದೆ? ಇದನ್ನು ಗಮನವಿಟ್ಟು ಓದಿ. ಊಟ ಬೇರೆ ಹಾಕುವ ಕಂಪನಿಗಳೇ ರಜೆ ಚೀಟಿಗೆ ತಮ್ಮ ಸೂಪರ್‌ವೈಸರ್ ಕೈಲಿ ಸಹಿ ಹಾಕಿಸುತ್ತವೆ. ತಡವಾಗಿ ಬಂದವನಿಗೆ ತಮ್ಮ ಲೆಟರ್‌ಹೆಡ್‌ನಲ್ಲಿ ಮೆಮೊ ಕೊಡುತ್ತವೆ. "ನಾಳೆಯಿಂದ ಬರಬೇಡ" ಅಂತ ತಮ್ಮ ಎಚ್‌ಆರ್ ಬಾಯಲ್ಲೇ ಹೇಳಿಸುತ್ತವೆ. ಕೋರ್ಟಿನಲ್ಲಿ ಎದುರು ವಕೀಲರು ತೆಗೆದಿಡುವುದು ಈ ಚೀಟಿಗಳನ್ನು.

ಒಂದು ದಿನದ ಕಥೆ ತೆಗೆದುಕೊಳ್ಳಿ. ಕಾಂಟ್ರ್ಯಾಕ್ಟ್ ಹುಡುಗನ ಮನೆಯಲ್ಲಿ ಮದುವೆ, ಮೂರು ದಿನ ರಜೆ ಬೇಕು. ಈಗ ಅವನು ನಿಮ್ಮ ಲೈನ್ ಇನ್‌ಚಾರ್ಜ್ ಹತ್ತಿರ ಹೋಗುತ್ತಾನೆ, ಅವರು ಹೂಂ ಅನ್ನುತ್ತಾರೆ ಅಥವಾ ಬೈಯುತ್ತಾರೆ. ಆಗಬೇಕಾದ್ದು ಹೀಗೆ. ಪ್ರತಿ ಶಿಫ್ಟಿಗೂ ಕಾಂಟ್ರ್ಯಾಕ್ಟರ್ ಕಡೆಯ ಒಬ್ಬ ಸೂಪರ್‌ವೈಸರ್ ಒಳಗೇ ಇರಬೇಕು. ಹುಡುಗ ಅವನಿಗೆ ಚೀಟಿ ಕೊಡುತ್ತಾನೆ. ಅವನು ಸಹಿ ಹಾಕಿ, ಬದಲಿಗೆ ಯಾರು ಬರುತ್ತಾರೆ ಅಂತ ನಿಮ್ಮ ಇನ್‌ಚಾರ್ಜ್‌ಗೆ ತಿಳಿಸುತ್ತಾನೆ. ಹುಡುಗನಿಗೆ ರಜೆ ಸಿಕ್ಕಿತು, ಲೈನ್ ನಿಲ್ಲಲಿಲ್ಲ, ರಜೆ ಕೊಟ್ಟಿದ್ದು ಕಾಂಟ್ರ್ಯಾಕ್ಟರೇ ಅನ್ನುವುದಕ್ಕೆ ದಾಖಲೆಯೂ ಆಯಿತು. "ಇವತ್ತು ಈ ಮೆಷಿನ್ ಮೇಲೆ ಈ ಕೆಲಸ ಮಾಡು" ಅಂತ ನಿಮ್ಮವರು ಹೇಳುವುದರಲ್ಲಿ ತಪ್ಪಿಲ್ಲ. ಅದು ಎರಡನೇ ಹಂತದ ಹಿಡಿತ ಅಷ್ಟೇ, ಮೊದಲ ಹಂತದ ಹಿಡಿತ ಕಾಂಟ್ರ್ಯಾಕ್ಟರ್ ಕೈಯಲ್ಲೇ ಇರುತ್ತದೆ ಅಂತ 2009ರ ವಿಮಾನ ನಿಲ್ದಾಣ ಪ್ರಾಧಿಕಾರದ ಪ್ರಕರಣದಲ್ಲಿ ಕೋರ್ಟೇ ಹೇಳಿದೆ.

ಅಂದರೆ ತಟ್ಟೆ ಒಂದಾಗಿರಲಿ, ಕಾಗದಪತ್ರ ಬೇರೆ ಇರಲಿ. ಗುರುತಿನ ಚೀಟಿಯಲ್ಲಿ ಕಾಂಟ್ರ್ಯಾಕ್ಟರ್ ಹೆಸರಿರಲಿ. ಆದರೆ ಸೇಫ್ಟಿ ಶೂ ಒಂದೇ ಗುಣಮಟ್ಟದ್ದಾಗಿರಲಿ, ಕಾಲಿನ ಮೇಲೆ ಕಬ್ಬಿಣ ಬಿದ್ದರೆ ನೋವು ಇಬ್ಬರಿಗೂ ಅಷ್ಟೇ. ನಮ್ಮಲ್ಲಿ ಇದನ್ನೇ ಉಲ್ಟಾ ಮಾಡಿಕೊಂಡಿದ್ದೇವೆ.

ನಾನು ಮೊದಲು ಕೆಲಸ ಮಾಡಿದ ಕಾರ್ಖಾನೆಯಲ್ಲಿ ಆಯುಧಪೂಜೆ ದಿನ ಎರಡು ಸಾಲು ನಿಲ್ಲಿಸುತ್ತಿದ್ದರು. ಪರ್ಮನೆಂಟ್‌ನವರಿಗೆ ಅರ್ಧ ಕೆಜಿ ಸ್ವೀಟ್ ಬಾಕ್ಸ್ ಮತ್ತು ಒಂದು ಸ್ಟೀಲ್ ಡಬ್ಬಿ. ಕಾಂಟ್ರ್ಯಾಕ್ಟ್‌ನವರಿಗೆ ಒಂದು ಪೊಟ್ಟಣ ಕಡ್ಲೆಪುರಿ, ಅದರೊಳಗೊಂದು ಲಾಡು. ಹಿಂದಿನ ದಿನ ಸಂಜೆ ಲೇತ್ ಒರೆಸಿ, ಬಾಳೆಕಂದು ಕಟ್ಟಿ, ಕುಂಕುಮ ಇಟ್ಟವನು ಆರು ವರ್ಷದಿಂದ ಅದೇ ಮೆಷಿನ್ ಮೇಲಿದ್ದ ಕಾಂಟ್ರ್ಯಾಕ್ಟ್ ಹುಡುಗ. ಅವನು ಪೊಟ್ಟಣ ತಗೊಂಡು ಯಾರ ಮುಖವನ್ನೂ ನೋಡದೆ ಹೋದ. ಸಾಲು ಮಾಡಿಸಿದವನು ನಾನೇ, ಪಟ್ಟಿ ನನ್ನ ಕೈಯಲ್ಲೇ ಇತ್ತು. ಆ ಸ್ವೀಟ್ ಬಾಕ್ಸ್ ಕೊಟ್ಟಿದ್ದರೆ ಯಾವ ಕೋರ್ಟೂ ಕೇಳುತ್ತಿರಲಿಲ್ಲ.

ಈಗ ಸಂಬಳ. ಎಲ್ಲ ಸೌಲಭ್ಯ ಒಂದೇ ಮಾಡಿ, ಒಂದೇ ಮೆಷಿನ್ ಮೇಲೆ ಒಂದೇ ಕೆಲಸ ಮಾಡುವ ಇಬ್ಬರಿಗೆ ಒಂದಕ್ಕೆರಡು ವ್ಯತ್ಯಾಸದ ಸಂಬಳ ಕೊಟ್ಟರೆ ಯಾವ ಊಟವೂ ಅದನ್ನು ಮುಚ್ಚುವುದಿಲ್ಲ. ಅದೇ ಅಥವಾ ಅಂಥದೇ ಕೆಲಸಕ್ಕೆ ಅದೇ ಕೂಲಿ ದರ, ಅದೇ ರಜೆ ಅಂತ 1970ರ ಕಾಯ್ದೆಯಡಿ ಬಂದ 1971ರ ಕೇಂದ್ರ ನಿಯಮಗಳಲ್ಲೇ ಇತ್ತು. ನನ್ನ ಸಲಹೆ, ಕೆಲಸವನ್ನೇ ಬೇರೆ ಮಾಡಿ. ಲೋಡಿಂಗ್, ಪ್ಯಾಕಿಂಗ್, ಹೌಸ್‌ಕೀಪಿಂಗ್ ಗುತ್ತಿಗೆಗೆ ಇರಲಿ. ಮೆಷಿನ್ ಕೆಲಸಕ್ಕೆ ನೀವೇ ನೇರವಾಗಿ ಜನ ತೆಗೆದುಕೊಳ್ಳಿ. ಆರ್ಡರ್ ಎಷ್ಟು ದಿನ ಇರುತ್ತದೋ ಗೊತ್ತಿಲ್ಲ ಅನ್ನುವುದಾದರೆ ಅವಧಿ ನಿಗದಿ ಮಾಡಿ, ಫಿಕ್ಸೆಡ್ ಟರ್ಮ್ ಅಂತ ತೆಗೆದುಕೊಳ್ಳಿ. ಹೊಸ ಸಂಹಿತೆಯಲ್ಲಿ ಕಂಪನಿಯ ಮುಖ್ಯ ಕೆಲಸಕ್ಕೆ ಗುತ್ತಿಗೆಯವರನ್ನು ಹಾಕುವುದಕ್ಕೆ, ಕೆಲವು ವಿನಾಯಿತಿ ಬಿಟ್ಟರೆ, ನಿಷೇಧವೇ ಇದೆ.

ಸಂಬಳದ ತಾರೀಕು ಇನ್ನೊಂದು ಮುಳ್ಳು. ಪರ್ಮನೆಂಟ್‌ನವರಿಗೆ 30ಕ್ಕೆ ಮೆಸೇಜ್ ಬರುತ್ತದೆ. ಕಾಂಟ್ರ್ಯಾಕ್ಟ್‌ನವರಿಗೆ 12ನೇ ತಾರೀಕಾದರೂ ಇಲ್ಲ. ಕಾಂಟ್ರ್ಯಾಕ್ಟರ್ ಕೇಳಿದರೆ "ಕಂಪನಿ ಬಿಲ್ ಪಾಸ್ ಮಾಡಿಲ್ಲ" ಅನ್ನುತ್ತಾನೆ, ಅದು ಸುಳ್ಳೂ ಅಲ್ಲ. ಹಾಜರಿ ಲೆಕ್ಕವನ್ನು 25ಕ್ಕೆ ಮುಗಿಸಿ, 26ರಿಂದ ಮುಂದಿನ 25ರವರೆಗೆ ಒಂದು ತಿಂಗಳು ಅಂತ ಹಿಡಿಯಿರಿ. ಬಿಲ್ 27ಕ್ಕೆ ಅಕೌಂಟ್ಸ್‌ಗೆ ಬರಲಿ, 30ಕ್ಕೆ ಇಬ್ಬರಿಗೂ ದುಡ್ಡು ಹೋಗಲಿ. ನಾನು ಮಾಡಿಸಿದ ಕಡೆ ಬದಲಾಗಿದ್ದು ಇದೊಂದೇ, ಬೇರೇನೂ ಇಲ್ಲ. ಅಷ್ಟಕ್ಕೇ ಶಿಫ್ಟ್ ಹೊತ್ತಿನ ಗೊಣಗಾಟ ಅರ್ಧಕ್ಕಿಳಿಯಿತು.

ಡೆಲಿವರಿ ಮತ್ತು ಸಾಗಾಟಕ್ಕೆ ಆ್ಯಪ್ ಮೂಲಕ ಬರುವ ಗಿಗ್ ಚಾಲಕರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅವರ ಹಾಜರಿ, ದರ ನಿಮ್ಮ ಕೈಯಲ್ಲಿಲ್ಲ. ಕಲ್ಯಾಣ ಶುಲ್ಕ, ಖಾತೆ ಮುಚ್ಚುವ ಮೊದಲು ನೋಟಿಸ್, ಇವೆಲ್ಲ 2025ರ ಕರ್ನಾಟಕ ಕಾಯ್ದೆ ಪ್ರಕಾರ ಆ್ಯಪ್ ಕಂಪನಿಯ ಹೊಣೆ. ನಿಮ್ಮ ಗೇಟಿನೊಳಗೆ ಒಂದು ಗಂಟೆ ಕಾಯಿಸುತ್ತೀರಲ್ಲ, ಅಲ್ಲಿ ನೆರಳು, ನೀರು, ಶೌಚಾಲಯದ ಬೀಗದ ಕೈ ನಿಮ್ಮ ಹೊಣೆ. ಸೆಕ್ಯೂರಿಟಿಯವರಿಗೆ ಬರವಣಿಗೆಯಲ್ಲೇ ಹೇಳಿಡಿ.

ಇಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನೀವು ಕೇಳದೇ ಇದ್ದ ಒಂದು ಪ್ರಶ್ನೆ ನನಗೆ ಮುಖ್ಯ. ಕಾಂಟ್ರ್ಯಾಕ್ಟರ್ ಬದಲಾದಾಗ ಏನಾಗುತ್ತದೆ?

ಎರಡು ವರ್ಷಕ್ಕೊಮ್ಮೆ ಟೆಂಡರ್. ಬೋರ್ಡ್ ಬದಲಾಗುತ್ತದೆ, ಹುಡುಗರು ಅವರೇ. ಅವನ ಪಿಎಫ್ ನಂಬರ್ ಮುಂದುವರಿಯುತ್ತದೆ, ಉಳಿದಿದ್ದೆಲ್ಲ ಸೊನ್ನೆಯಿಂದ ಶುರು. ಕೂಡಿಟ್ಟ ರಜೆ ಹೋಯಿತು. ಗ್ರಾಚುಟಿಗೆ ಒಬ್ಬರ ಬಳಿ ಐದು ವರ್ಷ ಆಗಬೇಕು. ಮೂವರು ಕಾಂಟ್ರ್ಯಾಕ್ಟರ್‌ಗಳ ಕೈಕೆಳಗೆ ಎರಡೆರಡು ವರ್ಷ ದುಡಿದವನಿಗೆ ಯಾರೂ ಕೊಡುವುದಿಲ್ಲ. ಮೂಲ ಸಂಬಳ ತುಟ್ಟಿಭತ್ಯೆ ಸೇರಿ 18,000 ರೂಪಾಯಿ ಅಂದುಕೊಳ್ಳಿ. 26ರಿಂದ ಭಾಗಿಸಿ, 15ರಿಂದ ಗುಣಿಸಿ, ಆರು ವರ್ಷಕ್ಕೆ ಲೆಕ್ಕ ಹಾಕಿ. ಸುಮಾರು 62,300 ರೂಪಾಯಿ. ಪಕ್ಕದ ಪರ್ಮನೆಂಟ್‌ನವನಿಗೆ ಇದು ಕೇಳದೆ ಬರುತ್ತದೆ. ಎರಡನೇ ದರ್ಜೆ ಅನ್ನಿಸುವುದು ಇಲ್ಲಿ, ಕ್ಯಾಂಟೀನಿಗಿಂತ ಜಾಸ್ತಿ. ಕಂಪನಿಗೂ ಇದು ಒಳ್ಳೆಯದಲ್ಲ. ಕಾಂಟ್ರ್ಯಾಕ್ಟರ್ ಮೂರು ಸಲ ಬದಲಾಗಿ ಕೆಲಸಗಾರ ಮಾತ್ರ ಅದೇ ಮೆಷಿನ್ ಮೇಲೆ ಉಳಿದರೆ, ಗುತ್ತಿಗೆ ಬರೀ ತೋರಿಕೆ ಅನ್ನುವವರಿಗೆ ನೀವೇ ಸಾಕ್ಷಿ ಕೊಟ್ಟಂತೆ.

ಟೆಂಡರ್ ಷರತ್ತಿನಲ್ಲಿ ಎರಡು ಸಾಲು ಸೇರಿಸಿ. ಬಿಟ್ಟು ಹೋಗುವ ಕಾಂಟ್ರ್ಯಾಕ್ಟರ್ ಉಳಿದ ರಜೆಯನ್ನು ದುಡ್ಡಾಗಿ ಕೊಟ್ಟು ರಸೀದಿ ತೋರಿಸಿದ ಮೇಲೆಯೇ ಅವನ ಕೊನೆಯ ಬಿಲ್ ಪಾಸಾಗಬೇಕು. ಪ್ರತಿ ತಿಂಗಳ ಬಿಲ್ಲಿನಲ್ಲೂ ಗ್ರಾಚುಟಿಯ ಪಾಲು ಬೇರೆ ಸಾಲಾಗಿ ಕಾಣಬೇಕು, ಆ ದುಡ್ಡು ಕಾರ್ಮಿಕನ ಹೆಸರಿನಲ್ಲಿ ಉಳಿದು ಮುಂದಿನ ಕಾಂಟ್ರ್ಯಾಕ್ಟರ್‌ಗೆ ದಾಟಬೇಕು. 18,000ಕ್ಕೆ ತಿಂಗಳಿಗೆ ಸುಮಾರು 865 ರೂಪಾಯಿ ಬೀಳುತ್ತದೆ. ಈ ಅಂಕಿಯನ್ನು ನಿಮ್ಮ ಎಂ.ಡಿ.ಗೆ ತೋರಿಸಿ. ಮುಂದಿನ ಟೆಂಡರ್ ಕರಡು ಅವರ ಮೇಜಿಗೆ ಹೋಗುವ ಮೊದಲೇ ತೋರಿಸಿ.