ನೈಟ್ ಡ್ಯೂಟಿ ಮುಗಿಸಿ ಮಲಗಿದರೆ ಮಧ್ಯಾಹ್ನ ಎದೆ ಡವಡವ: ಇದು ಆತಂಕದ ಕಾಯಿಲೆಯಾ?

ಪ್ರಶ್ನೆ: ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ, ಸತತ 6 ರಾತ್ರಿ ಡ್ಯೂಟಿ. ಆಮೇಲೆ 2 ದಿನ ಆಫ್, ನಂತರ ಹಗಲು ಡ್ಯೂಟಿ. ಸುರತ್ಕಲ್ ಕಡೆ ನಮ್ಮ ಮನೆ. ತಿಂಡಿ ತಿಂದು, ಸ್ವಲ್ಪ ಮೊಬೈಲ್ ನೋಡಿ 10.30ಕ್ಕೆ ಮಲಗಿದರೆ 1.30ಕ್ಕೆ ಎದೆ ಡವಡವ ಎನ್ನುತ್ತಾ ಎಚ್ಚರವಾಗುತ್ತದೆ. ಮತ್ತೆ ನಿದ್ದೆ ಇಲ್ಲ. ಸಂಜೆ ಸುಮ್ಮಸುಮ್ಮನೆ ಸಿಡುಕು, ಏನೋ ಕೆಟ್ಟದ್ದು ಆಗುತ್ತದೆ ಎಂಬ ಭಯ. ಆಫ್ ದಿನ ರಾತ್ರಿ ಮಲಗಿದರೂ 3 ಗಂಟೆವರೆಗೆ ಕಣ್ಣು ಮುಚ್ಚುವುದಿಲ್ಲ. ನನಗೆ ಆತಂಕದ ಕಾಯಿಲೆ ಶುರುವಾಗಿದೆಯಾ?

ಉತ್ತರ: ಆಗಿರಬಹುದು, ಆದರೆ ನೀವು ಬರೆದದ್ದನ್ನು ಓದಿದರೆ ಮೊದಲು ಅನುಮಾನ ಬರುವುದು ನಿಮ್ಮ ಗಡಿಯಾರದ ಮೇಲೆ. ಗೋಡೆಯದ್ದಲ್ಲ, ತಲೆಯೊಳಗಿನದ್ದು. ನಾನೂ ಪಿಜಿ ಓದುವಾಗ ಸಾಲು ಸಾಲು ರಾತ್ರಿ ಕೆಲಸ ಮಾಡಿದವನು. ಒಂದು ಮಧ್ಯಾಹ್ನ ಎದ್ದು ಕೂತು, ನನ್ನ ನಾಡಿ ನಾನೇ ಎಣಿಸಿ, ಹೃದಯಕ್ಕೇ ಏನೋ ಆಗಿದೆ ಎಂದು ಇಸಿಜಿ ಮಾಡಿಸಿಕೊಂಡಿದ್ದೆ. ಅದರಲ್ಲಿ ಏನೂ ಇರಲಿಲ್ಲ.

ಆ ಗಡಿಯಾರ ಮೆದುಳಿನ ತಳಭಾಗದಲ್ಲಿದೆ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಸ್ವಲ್ಪ ಮೇಲೆ. ಅಕ್ಕಿಕಾಳಿನಷ್ಟು ಇರಬಹುದು. ಕಣ್ಣಿಗೆ ಬೀಳುವ ಬೆಳಕೇ ಅದಕ್ಕೆ ಕೀಲಿ ಕೊಡುವುದು. ನೀವು ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡುತ್ತಿದ್ದರೂ ಅದು ಹಗಲಿನ ಲೆಕ್ಕವನ್ನೇ ಹಿಡಿದು ಕೂತಿರುತ್ತದೆ. ಬೆಳಗಿನ ಜಾವ 4-5 ಗಂಟೆಗೆ ಮೈಬಿಸಿ ಅತಿ ಕಡಿಮೆ. ವಾರ್ಡಿನಲ್ಲಿ ಚಳಿ ಹತ್ತಿ, ಡ್ರಿಪ್ ಲೆಕ್ಕ ಎರಡೆರಡು ಸಲ ನೋಡಬೇಕಾಗುವುದು ಆ ಹೊತ್ತಿಗೇ, ಅಲ್ವಾ? ಅಲ್ಲಿಂದ ಮೈಬಿಸಿ ಏರತೊಡಗುತ್ತದೆ, ದೇಹವನ್ನು ಚುರುಕಾಗಿಸುವ ಕಾರ್ಟಿಸೋಲ್ ಹಾರ್ಮೋನ್ ಕೂಡ ಏರುತ್ತದೆ. ದೇಹ ‘ಏಳು’ ಎನ್ನುತ್ತಿರುವಾಗ ನೀವು ಮಲಗಲು ಹೊರಟಿರುತ್ತೀರಿ.

ಹಾಗಿದ್ದರೂ 10.30ಕ್ಕೆ ನಿದ್ದೆ ಬರುತ್ತದಲ್ಲ? ಅದು ಬಾಕಿ ನಿದ್ದೆಯ ಒತ್ತಡ. ಮೂರು ಗಂಟೆ ಮಲಗಿದ ಮೇಲೆ ಆ ಒತ್ತಡ ಅರ್ಧ ಇಳಿಯುತ್ತದೆ, ಗಡಿಯಾರದ ‘ಏಳು’ ಗೆಲ್ಲುತ್ತದೆ. 1.30ಕ್ಕೆ ಸರಿಯಾಗಿ ಎಚ್ಚರವಾಗುವುದು ಇದೇ ಕಾರಣಕ್ಕೆ.

ಇನ್ನು ಡವಡವ. ನೀವು ಬರೆದಿಲ್ಲ, ಆದರೆ ರಾತ್ರಿ 2ಕ್ಕೊಂದು, 4ಕ್ಕೊಂದು ಕಾಫಿ ಇದ್ದೇ ಇರುತ್ತದೆ ಎಂದು ಊಹಿಸುತ್ತೇನೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು 5-6 ಗಂಟೆ ಬೇಕು. 4ರ ಕಾಫಿಯ ಅರ್ಧದಷ್ಟು, ನೀವು ದಿಂಬಿಗೆ ತಲೆ ಕೊಡುವಾಗಲೂ ರಕ್ತದಲ್ಲಿ ಓಡಾಡುತ್ತಿರುತ್ತದೆ. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ ಅದು ಇಳಿಯಲು ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು ಹಿಡಿಯುತ್ತದೆ. ಇದರ ಜೊತೆಗೆ, ನಿದ್ದೆಗೆಟ್ಟ ಮೆದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗ ಚುರುಕಾಗುತ್ತದೆ, ಅದಕ್ಕೆ ಬ್ರೇಕ್ ಹಾಕುವ ಮುಂಭಾಗ ಸಡಿಲವಾಗುತ್ತದೆ. ಎದೆ ಹೊಡೆದುಕೊಳ್ಳುವುದು ಮೊದಲು, ‘ಏನೋ ಆಗುತ್ತದೆ’ ಎಂಬ ಕಥೆ ಆಮೇಲೆ. ಸಂಜೆ ಅತ್ತೆ ‘ಇವತ್ತು ಮೀನು ಸಾರು ಮಾಡ್ತೀಯಾ?’ ಎಂದು ಕೇಳಿದ್ದಕ್ಕೇ ಕಣ್ಣೀರು ಬರುವುದು ಈ ಸಡಿಲ ಬ್ರೇಕಿನಿಂದ.

ಗಡಿಯಾರವನ್ನು ಪೂರ್ತಿ ತಿರುಗಿಸಿಬಿಡೋಣ ಎಂದು ಕೆಲವರು ಹೇಳುತ್ತಾರೆ. 6 ರಾತ್ರಿಯ ನಂತರ ಹಗಲು ಡ್ಯೂಟಿ ಇರುವವರಿಗೆ ಅದು ಬೇಡ ಎಂಬುದು ನನ್ನ ಅಭಿಪ್ರಾಯ. ತಿರುಗುವಷ್ಟರಲ್ಲಿ ಹಿಂದಕ್ಕೆ ತಿರುಗಿಸಬೇಕಾಗುತ್ತದೆ. ಗಡಿಯಾರವನ್ನು ಒಂದೆರಡು ಗಂಟೆ ತಡ ಮಾಡಿದರೆ ಸಾಕು, ಉಳಿದದ್ದನ್ನು ನಿದ್ದೆ ಎರಡು ಕಂತು ಮಾಡಿ ಸರಿದೂಗಿಸಬೇಕು.

ಮೊದಲು ಬಸ್ಸು. ಬೆಳಿಗ್ಗೆ ಕಣ್ಣಿಗೆ ಬೀಳುವ ಬಿಸಿಲು ಗಡಿಯಾರವನ್ನು ಹಗಲಿಗೇ ಬಿಗಿಯುತ್ತದೆ. ಸುರತ್ಕಲ್ ಕಡೆ ಹೋಗುವ ಬಸ್ಸು ಉತ್ತರಕ್ಕೆ ಹೋಗುತ್ತದೆ, ಬಿಸಿಲು ಬಲಗಡೆಯಿಂದ ಬರುತ್ತದೆ. ಎಡಗಡೆ ಸೀಟು ಹಿಡಿಯಿರಿ, ಕಪ್ಪು ಕನ್ನಡಕ ಹಾಕಿಕೊಳ್ಳಿ. ಸ್ಕೂಟರ್‌ನಲ್ಲಿ ಹೋಗುವವರು ಈ ಕನ್ನಡಕದ ಉಪಾಯ ಬಿಡುವುದೇ ಒಳ್ಳೆಯದು. ಹೆದ್ದಾರಿ 66ರಲ್ಲಿ ತೂಕಡಿಕೆ ಇನ್ನೂ ಜಾಸ್ತಿಯಾದರೆ ಕಷ್ಟ.

ಮನೆಗೆ ಬಂದವರೇ ಸ್ವಲ್ಪ ಗಂಜಿ ಊಟ ಮಾಡಿ, ಮೊಬೈಲ್ ಹೊರಗಿಟ್ಟು 9.30ಕ್ಕೆ ಮಲಗಿ. ಒಂದು ಗಂಟೆ ತಡವಾದಷ್ಟೂ ‘ಏಳು’ ಎನ್ನುವ ದನಿ ಜೋರಾಗುತ್ತದೆ. ಹಂಚಿನ ಮನೆಯಾದರೆ ಮಾಡು ನೋಡಿ. ಕಿಟಕಿಗೆ ದಪ್ಪ ಪರದೆ ಹಾಕಿದವರೊಬ್ಬರ ಕೋಣೆಯಲ್ಲಿ ಒಂದೇ ಒಂದು ಗಾಜಿನ ಹಂಚು ಇತ್ತು. 11 ಗಂಟೆಗೆ ಬಿಸಿಲಿನ ಚೌಕ ನೇರ ಮಂಚದ ಮೇಲೆ ಬರುತ್ತಿತ್ತು. ಹಂಚಿನ ಒಳಗಡೆ ರಟ್ಟು ಸಿಕ್ಕಿಸಿದ ಮೇಲೆ ಅವರ ನಿದ್ದೆ ಮುಕ್ಕಾಲು ಗಂಟೆ ಉದ್ದವಾಯಿತು. ಮೀನಿನವರ ಹಾರ್ನ್‌ಗೆ ಮಾತ್ರ ನನ್ನಲ್ಲಿ ಮದ್ದಿಲ್ಲ ಮಾರಾಯ್ರೆ, ಫ್ಯಾನ್ ಜೋರಾಗಿ ಹಾಕಿ, ಕಿವಿಗೆ ಹತ್ತಿ ಇಟ್ಟುಕೊಳ್ಳಿ.

1.30ಕ್ಕೆ ಎಚ್ಚರವಾದರೆ ಹೊರಳಾಡಬೇಡಿ, ಎದ್ದುಬಿಡಿ. ಎರಡನೇ ಕಂತು 3.30ರಿಂದ 5. ಅದನ್ನು ಸಂಜೆ 6ರ ಆಚೆ ತಳ್ಳಬೇಡಿ. ರಾತ್ರಿ ನಿದ್ದೆಗೆ ಮೊದಲಿನ ಒಂದೆರಡು ಗಂಟೆ ದೇಹ ತುಂಬಾ ಎಚ್ಚರವಾಗಿರುವ ಹೊತ್ತು, ಎಷ್ಟು ಸುಸ್ತಾದರೂ ಆಗ ನಿದ್ದೆ ಹತ್ತುವುದಿಲ್ಲ. ಕಾಫಿ ಡ್ಯೂಟಿಯ ಮೊದಲರ್ಧದಲ್ಲಿ ಮುಗಿಯಲಿ, 12 ಗಂಟೆಯ ನಂತರ ಬೇಡ.

ಆಫ್ ದಿನದಲ್ಲಿ ಹೆಚ್ಚಿನವರು ಸೋಲುವುದು ಹೀಗೆ: ಆರನೇ ರಾತ್ರಿ ಮುಗಿಸಿ ಬಂದು ಸಂಜೆ 4ರವರೆಗೆ ಮಲಗಿಬಿಡುತ್ತಾರೆ. ಬಾಕಿ ನಿದ್ದೆಯೆಲ್ಲ ಅಲ್ಲೇ ತೀರುತ್ತದೆ, ಗಡಿಯಾರವೂ ಅಷ್ಟೊತ್ತಿಗೆ ಸ್ವಲ್ಪ ತಡವಾಗಿರುತ್ತದೆ. ರಾತ್ರಿ ನಿದ್ದೆ ಬರಲು ಏನು ಉಳಿಯಿತು? ಅವತ್ತು 12ಕ್ಕೆ ಅಲಾರಾಂ ಇಟ್ಟು ಎದ್ದು, ರಾತ್ರಿ 10ಕ್ಕೆ ಮಲಗಿ. ಮರುದಿನ ಬೆಳಿಗ್ಗೆ ಕನ್ನಡಕ ಇಲ್ಲದೆ ಅರ್ಧ ಗಂಟೆ ಅಂಗಳದಲ್ಲಿರಿ. ಈಗ ಅದೇ ಬಿಸಿಲು ಬೇಕು.

ನಿಮ್ಮ ಮೂಲ ಪ್ರಶ್ನೆಗೆ ಉತ್ತರ ಒಂದು ನೋಟ್‌ಬುಕ್ಕಿನಲ್ಲಿ ಸಿಗುತ್ತದೆ. 14 ದಿನ, ಡ್ಯೂಟಿಯ ದಿನ ಮತ್ತು ಆಫ್ ದಿನ ಎರಡೂ ಸೇರುವಂತೆ, ಮಲಗಿದ ಹೊತ್ತು, ಎದ್ದ ಹೊತ್ತು, ಕೊನೆಯ ಕಾಫಿ, ಸಿಡುಕಿಗೆ 10ಕ್ಕೆ ಎಷ್ಟು ಅಂಕ ಎಂದು ಬರೆಯಿರಿ. ಸಿಡುಕು ನಿದ್ದೆಯ ಹಿಂದೆಯೇ ಏರಿಳಿದು, ಹಗಲು ಡ್ಯೂಟಿಯ ವಾರದಲ್ಲಿ ಇಳಿದುಹೋದರೆ ಗಡಿಯಾರವೇ ಕಾರಣ ಇರಬೇಕು. 3 ತಿಂಗಳಿಗಿಂತ ಹೆಚ್ಚು ಹೀಗೇ ನಡೆದರೆ ಅದನ್ನೂ ಪಾಳಿ ಕೆಲಸದ ನಿದ್ರಾ ಕಾಯಿಲೆ ಎಂದೇ ವೈದ್ಯರು ನೋಡುತ್ತಾರೆ, ಆ ನೋಟ್‌ಬುಕ್ ತೋರಿಸಿ. ರಜೆಯಲ್ಲಿ ಚೆನ್ನಾಗಿ ನಿದ್ದೆ ಮಾಡಿದರೂ ಭಯ ಹಾಗೇ ಉಳಿದರೆ ಆತಂಕಕ್ಕೇ ಚಿಕಿತ್ಸೆ ಬೇಕು. ಹೇಗೂ ಒಮ್ಮೆ ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಹೆಚ್ಚಾದರೂ ಹಿಮೋಗ್ಲೋಬಿನ್ ಕಡಿಮೆಯಾದರೂ ಇದೇ ಡವಡವ ಬರುತ್ತದೆ. ನಿದ್ದೆಯೇ ಬೇಡ ಎನ್ನುವಷ್ಟು ವಿಪರೀತ ಹುರುಪು ಬಂದರೆ, ಅಥವಾ ಬದುಕೇ ಬೇಡ ಅನ್ನಿಸಿದರೆ ನೋಟ್‌ಬುಕ್ ಕಾಯಬೇಡಿ, ಅವತ್ತೇ ವೈದ್ಯರನ್ನು ಕಾಣಿ. ಟೆಲಿ ಮಾನಸ್‌ನ 14416 ನಂಬರಿಗೆ ಯಾವ ಹೊತ್ತಿಗೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಮಾತು ನೀವು ಕೇಳದಿದ್ದರೂ ಹೇಳುತ್ತೇನೆ. ಜೊತೆಯವರು ‘ಅರ್ಧ ಮಾತ್ರೆ ಹಾಕಿ, ಚೆನ್ನಾಗಿ ನಿದ್ದೆ ಬರ್ತದೆ’ ಎಂದು ಅಲ್ಪ್ರಾಜೋಲಾಂ ಕೊಟ್ಟರೆ ತಗೊಳ್ಳಬೇಡಿ. ಕೆಲವು ದಿನ ನಿದ್ದೆ ಬರುತ್ತದೆ. ಕೆಲವು ವಾರವಾದ ಮೇಲೆ ಬಿಡಲು ಹೋದರೆ ಅದೇ ಡವಡವ, ಅದೇ ಭಯ ಮೊದಲಿಗಿಂತ ಜೋರಾಗಿ ಬರುತ್ತದೆ. ಈಗಾಗಲೇ ದಿನಾ ತಗೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸಬೇಡಿ, ವೈದ್ಯರ ಹತ್ತಿರ ಕೇಳಿ ನಿಧಾನ ಇಳಿಸಿ.