ಏಜೆಂಟ್ ‘ಇಲ್ಲ’ ಎಂದು ಹಾಕಿದ್ದಕ್ಕೆ ಕೆನಡಾ ನನಗೇಕೆ 5 ವರ್ಷ ನಿಷೇಧ ಹಾಕುತ್ತದೆ?

ಪ್ರಶ್ನೆ: ಮಗಳು ಟೊರಾಂಟೊದಲ್ಲಿದ್ದಾಳೆ. ನೋಡಿಕೊಂಡು ಬರೋಣವೆಂದು ತುಮಕೂರಿನ ಏಜೆಂಟರೊಬ್ಬರ ಮೂಲಕ ವಿಸಿಟರ್ ವೀಸಾಕ್ಕೆ ಅರ್ಜಿ ಹಾಕಿದೆ. 2019ರಲ್ಲಿ ಚೆನ್ನೈನಲ್ಲಿ ನನಗೆ ಅಮೆರಿಕದ ವೀಸಾ ಕೊಟ್ಟಿರಲಿಲ್ಲ. ಅದನ್ನು ಏಜೆಂಟರಿಗೆ ವಾಟ್ಸಾಪ್‌ನಲ್ಲಿ ತಿಳಿಸಿದ್ದೆ. ಆದರೂ ಫಾರಂನಲ್ಲಿ ‘ಇಲ್ಲ’ ಎಂದಿದೆ. ಈಗ ವಿವರಣೆ ಕೇಳಿ ಪತ್ರ ಬಂದಿದೆ. ಬೇಕೆಂದು ಮಾಡಿದ್ದಲ್ಲವಲ್ಲ, ಇದಕ್ಕೂ ನಿಷೇಧವೇ? — ಓದುಗರು, ತುಮಕೂರು

ಉತ್ತರ: ಆಗಬಹುದು. ಆದ್ದರಿಂದ ಪತ್ರದಲ್ಲಿರುವ ಗಡುವನ್ನು ಮೊದಲು ನೋಡಿಕೊಳ್ಳಿ.

ಕೆನಡಾದ ವಲಸೆ ಕಾಯ್ದೆಯ 40(1)(ಎ) ಕಲಂನಲ್ಲಿ ‘ಬೇಕೆಂದೇ’ ಎಂಬ ಮಾತಿಲ್ಲ. ಮುಖ್ಯವಾದ ಸಂಗತಿಯನ್ನು ತಪ್ಪಾಗಿ ಹೇಳಿದರೂ ಮುಚ್ಚಿಟ್ಟರೂ, ಅದನ್ನು ನೇರವಾಗಿ ಮಾಡಿದರೂ ಬೇರೆಯವರಿಂದ ಆದರೂ, ಅಧಿಕಾರಿ ದಾರಿತಪ್ಪುವ ಸಾಧ್ಯತೆ ಇದ್ದರೆ ಸಾಕು. ಅವರು ನಿಜವಾಗಿ ದಾರಿತಪ್ಪಿರಬೇಕೆಂದಿಲ್ಲ. ಅಮೆರಿಕದ ತಿರಸ್ಕಾರ ಗೊತ್ತಿದ್ದರೆ ‘ಇವರು ವಾಪಸ್ ಹೋಗುತ್ತಾರೆಯೇ’ ಎಂದು ಅಧಿಕಾರಿ ಇನ್ನಷ್ಟು ವಿಚಾರಿಸುತ್ತಿದ್ದರು. ನಿಮ್ಮ ‘ಇಲ್ಲ’ ಆ ವಿಚಾರಣೆಯ ದಾರಿಯನ್ನೇ ಮುಚ್ಚಿತು ಎಂಬುದು ಅವರ ವಾದ. ಫಾರಂ ಕೇಳುವುದೂ ಕೆನಡಾದ ತಿರಸ್ಕಾರವನ್ನಷ್ಟೇ ಅಲ್ಲ, ಯಾವುದೇ ದೇಶದ್ದನ್ನು. ಕೆನಡಾ, ಅಮೆರಿಕಗಳ ನಡುವೆ ವೀಸಾ ಮಾಹಿತಿಯ ವಿನಿಮಯ ಇರುವುದರಿಂದ ಬೆರಳಚ್ಚು ಕೊಟ್ಟ ಮೇಲೆ ಹಳೆಯ ತಿರಸ್ಕಾರ ಸಿಕ್ಕಿಬಿಡುತ್ತದೆ.

‘ಏಜೆಂಟ್ ಮಾಡಿದ್ದು’ ಎಂಬ ಮಾತಿಗೆ ಅಲ್ಲಿ ಬೆಲೆ ಕಡಿಮೆ. ಎಲ್ಲ ವಿವರವೂ ಸರಿಯಿದೆ ಎಂಬ ಘೋಷಣೆ ನಿಮ್ಮ ಹೆಸರಿನಲ್ಲಿದೆ. ತಿಳಿಯದೆ ಆದ ತಪ್ಪಿಗೆ ನ್ಯಾಯಾಲಯಗಳು ವಿನಾಯಿತಿ ಕೊಟ್ಟಿರುವುದುಂಟು, ಆದರೆ ಅದು ಬಹಳ ಇಕ್ಕಟ್ಟಾದ ದಾರಿ: ಸಂಗತಿಯನ್ನು ಮರೆಮಾಚಿಲ್ಲ ಎಂದು ನೀವು ಪ್ರಾಮಾಣಿಕವಾಗಿ, ಸಕಾರಣವಾಗಿ ನಂಬಿರಬೇಕು. ಜೊತೆಗೆ ಆ ಸಂಗತಿ ನಿಮ್ಮ ಅರಿವಿಗೆ ಎಟುಕದಂಥದ್ದಾಗಿರಬೇಕು. ಅಮೆರಿಕದ ವೀಸಾ ಸಿಗಲಿಲ್ಲ ಎಂಬುದು ನಿಮಗೆ ಗೊತ್ತೇ ಇತ್ತು. ಫಾರಂ ಓದದೆ ಬಿಟ್ಟದ್ದು ಈ ವಿನಾಯಿತಿಯೊಳಗೆ ಬರುವುದು ಕಷ್ಟ. ಹಣ ತೋರಿಸಲು ಏಜೆಂಟ್ ಎಫ್‌ಡಿ ಪತ್ರವೇನಾದರೂ ಒದಗಿಸಿದ್ದರೆ ಅದರ ವಿಷಯವೂ ಹೀಗೆಯೇ. ಅಧಿಕಾರಿ ಬ್ಯಾಂಕಿಗೆ ಕೇಳಿದಾಗ ‘ಈ ಖಾತೆಯೇ ನಮ್ಮಲ್ಲಿಲ್ಲ’ ಎಂದು ಶಾಖೆ ಹೇಳಿದರೆ, ನಿಮ್ಮದೇ ದುಡ್ಡಿನ ಪತ್ರವನ್ನು ನೀವೇ ಪರೀಕ್ಷಿಸಬಹುದಿತ್ತಲ್ಲ ಎನ್ನುತ್ತಾರೆ.

ಈಗ ಕೈಯಲ್ಲಿರುವ ಪತ್ರಕ್ಕೆ ಬರೋಣ. ಇದು ತೀರ್ಪಲ್ಲ, ನಿಮ್ಮ ಮಾತು ಕೇಳುವ ಕೊನೆಯ ಅವಕಾಶ. ಗಡುವು ಸಾಲದಿದ್ದರೆ ಅದು ಮುಗಿಯುವ ಮೊದಲೇ ಕಾರಣ ಬರೆದು ಹೆಚ್ಚಿನ ಸಮಯ ಕೇಳಿ. ಅರ್ಜಿ ವಾಪಸ್ ತೆಗೆದುಕೊಂಡರೆ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಧಿಕಾರಿ ಕಂಡುಹಿಡಿದ ಮೇಲೆ ಅದು ರಕ್ಷಣೆಯಾಗುವುದಿಲ್ಲ. ಅವರು ಕೇಳುವ ಮೊದಲೇ ವೆಬ್‌ಫಾರಂ ಮೂಲಕ ನೀವಾಗಿಯೇ ತಿದ್ದಿಕೊಂಡಿದ್ದರೆ ಮಾತು ಬೇರೆ ಇತ್ತು.

ಉತ್ತರದ ಮೊದಲ ಸಾಲಿನಲ್ಲೇ ತಪ್ಪನ್ನು ಒಪ್ಪಿಕೊಳ್ಳಿ. ತಿರಸ್ಕಾರದ ದಿನಾಂಕ, ಚೆನ್ನೈ ಕಚೇರಿ, ವೀಸಾದ ಬಗೆ, ಆಗ ಕೊಟ್ಟ ಚೀಟಿಯಲ್ಲಿದ್ದ ಕಲಂ (ಸಾಮಾನ್ಯವಾಗಿ 214(b)) ಇಷ್ಟನ್ನೂ ಬರೆಯಿರಿ. ಚೀಟಿ ಇದ್ದರೆ ಲಗತ್ತಿಸಿ. ನಂತರ ವಾಟ್ಸಾಪ್ ಸಂದೇಶ: ತಾರೀಖು, ಎದುರಿನ ನಂಬರ್ ಎರಡೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಸಂದೇಶ ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದವನ್ನೂ ಅನುವಾದಕರ ಅಫಿಡವಿಟ್ಟನ್ನೂ ಸೇರಿಸಿ. ಮುಚ್ಚಿಡುವ ಉದ್ದೇಶ ನಿಮಗಿರಲಿಲ್ಲ ಎಂಬುದಕ್ಕೆ ನಿಮ್ಮ ಬಳಿ ಇರುವ ಗಟ್ಟಿ ಸಾಕ್ಷಿ ಇದೊಂದೇ. ‘ವೀಸಾ ಕೊಡಲು ಆಗದಿದ್ದರೆ ಸಾಮಾನ್ಯ ಕಾರಣಕ್ಕೆ ನಿರಾಕರಿಸಿ, ತಪ್ಪು ಮಾಹಿತಿಯ ಕಲಂ ಹಚ್ಚಬೇಡಿ’ ಎಂದು ಸ್ಪಷ್ಟವಾಗಿ ಕೋರಿ. ಸಾಮಾನ್ಯ ನಿರಾಕರಣೆಯಾದರೆ ಮತ್ತೆ ಅರ್ಜಿ ಹಾಕಬಹುದು, ನಿಷೇಧ ಬರುವುದಿಲ್ಲ. ನೀವು ಕಾಪಾಡಿಕೊಳ್ಳಬೇಕಾದದ್ದು ಈ ವ್ಯತ್ಯಾಸವನ್ನೇ.

ಉತ್ತರ ಕಳಿಸುವ ಮೊದಲು ಉಳಿದ ದಾಖಲೆಗಳನ್ನೂ ಒಟ್ಟಿಗೆ ಹರಡಿಕೊಂಡು ಓದಿ. ನಮ್ಮ ಕಡೆ ಹೆಚ್ಚಾಗಿ ಎಡವುವುದು ಆದಾಯದಲ್ಲಿ. ಮಗಳ ಸ್ಕಾಲರ್‌ಶಿಪ್‌ಗೆಂದು ತಾಲ್ಲೂಕು ಕಚೇರಿಯಿಂದ ಪಡೆದ ಆದಾಯ ಪ್ರಮಾಣಪತ್ರದಲ್ಲಿ 90 ಸಾವಿರ ಇರುತ್ತದೆ, ವೀಸಾ ಫಾರಂನಲ್ಲಿ ತೋಟದ ಆದಾಯ 12 ಲಕ್ಷ ಎಂದಿರುತ್ತದೆ. ಎರಡೂ ಒಂದೇ ಕಡತದಲ್ಲಿ ಸೇರಿದರೆ ಒಂದು ಸುಳ್ಳೆಂದೇ ಅರ್ಥ. ಅಂಥದ್ದು ಕಂಡರೆ ಅದನ್ನೂ ಇದೇ ಉತ್ತರದಲ್ಲಿ ಹೇಳಿಬಿಡಿ.

ಇಷ್ಟಾದರೂ ಕಲಂ ಹಚ್ಚಿದರೆ, ಭಾರತದಿಂದ ಹಾಕಿದ ಅರ್ಜಿಗೆ ಅಂತಿಮ ತೀರ್ಮಾನದ ದಿನದಿಂದ 5 ವರ್ಷ ಎಣಿಕೆ ಶುರು. 2014ರ ನವೆಂಬರ್‌ಗೆ ಮೊದಲು ಇದು 2 ವರ್ಷವಿತ್ತು. ಆ ಅವಧಿಯಲ್ಲಿ ಪ್ರವಾಸ, ಓದು, ಕೆಲಸ ಯಾವುದಕ್ಕೂ ಸಾಮಾನ್ಯ ವೀಸಾ ಸಿಗುವುದಿಲ್ಲ, ಪಿಆರ್‌ಗೂ ಅರ್ಜಿ ಹಾಕುವಂತಿಲ್ಲ. ತೀರ್ಮಾನ ತಿಳಿದ 60 ದಿನಗಳೊಳಗೆ ಕೆನಡಾದ ಫೆಡರಲ್ ಕೋರ್ಟ್‌ನಲ್ಲಿ ಮರುಪರಿಶೀಲನೆಗೆ ಅನುಮತಿ ಕೇಳಬಹುದು. ಅಲ್ಲಿ ಹೊಸ ಸಾಕ್ಷಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಅಧಿಕಾರಿಯ ಮುಂದೆ ಇದ್ದ ಕಾಗದಗಳನ್ನೇ ಕೋರ್ಟ್ ನೋಡುತ್ತದೆ. ಹಾಗಾಗಿ ಆ ವಾಟ್ಸಾಪ್ ಸಂದೇಶ ಈಗಲೇ, ಈ ಉತ್ತರದ ಜೊತೆಗೇ ಹೋಗಬೇಕು.