ಚಾರ್ಟಿನ ಫೋಟೋ ನೋಡಿ ಎಷ್ಟು ಹೇಳಬಹುದು?

ಪೆರ್ಲದ ನಿವೃತ್ತ ಮಾಸ್ಟ್ರೊಬ್ಬರು ಒಂದು ಶೇರಿನ ಚಾರ್ಟಿನ ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿ, "ಇದು ಇನ್ನು ಮೇಲೆ ಹೋಗ್ತದಾ ಮಾರಾಯ್ರೇ?" ಅಂತ ಕೇಳಿದರು. ಅದು ನನಗೆ ಗೊತ್ತಿಲ್ಲ, ಯಾರಿಗೂ ಗೊತ್ತಿರುವುದಿಲ್ಲ. ಇಲ್ಲಿವರೆಗೆ ಏನಾಗಿದೆ ಅಂತ ಮಾತ್ರ ಹೇಳಬಹುದು.

ಮೊದಲು ಮೂಲೆಯ ಅಕ್ಷರ ನೋಡಿ. ಅವರದ್ದರಲ್ಲಿ 1D ಅಂತಿತ್ತು, ಅಂದರೆ ಬೆಲೆಯ ಏರಿಳಿತ ತೋರಿಸುವ ಒಂದೊಂದು ಕಡ್ಡಿ, ಅದೇ ಕ್ಯಾಂಡಲ್, ಒಂದು ದಿನದ್ದು. 15m, ಅಂದರೆ 15 ನಿಮಿಷ ಅಂತ ಇದ್ದಿದ್ದರೆ ಒಂದೇ ದಿನಕ್ಕೆ 25 ಕ್ಯಾಂಡಲ್ ಬರುತ್ತವೆ. ಆಗ ದೊಡ್ಡ ಕುಸಿತ ಅಂತ ಕಂಡದ್ದು ಸುಮ್ನೆ ಬೆಳಗ್ಗಿನ ಒಂದು ಗಂಟೆಯ ಏರಿಳಿತ ಆಗಿರಬಹುದು.

ಆಮೇಲೆ ತುದಿಗಳು. ಈ ಚಾರ್ಟಿನಲ್ಲಿ ಬೆಲೆ 342ಕ್ಕೆ ಏರಿ ಇಳಿದಿದೆ, ಮುಂದಿನ ಸಲ 328ಕ್ಕೆ ನಿಂತಿದೆ, ಅದರ ನಂತರ 314ಕ್ಕೇ ಸುಸ್ತಾಗಿದೆ. ಕೆಳಗೆ ಮಾತ್ರ ಮೂರು ಸಲವೂ 286ರಿಂದ 290ರ ನಡುವೆ ತಿರುಗಿದೆ. ಹಾಗಾಗಿ ತುದಿಗಳು ಇಳಿಯುತ್ತಿವೆ, ತಳ ಹಾಗೇ ಉಂಟು ಅಂತ ಬರೆದೆ. ಸಪೋರ್ಟ್ ಅಂದರೆ ಇಳಿಯುವ ಬೆಲೆ ತಡೆದು ತಿರುಗುವ ಈ 286ರಿಂದ 290ರ ಪಟ್ಟಿಯೇ, ಒಂದು ಗೆರೆ ಅಲ್ಲ. ಕ್ಯಾಂಡಲಿನ ಬಾಲ 284ಕ್ಕೆ ಹೋಗಿ ದಿನದ ಕೊನೆಗೆ 289ರಲ್ಲಿ ಮುಗಿದರೆ ಸಪೋರ್ಟ್ ಮುರಿಯಿತು ಅಂತ ನಾನು ಹೇಳುವುದಿಲ್ಲ, ದಿನದ ಕ್ಲೋಸ್ 286ಕ್ಕಿಂತ ಕೆಳಗೆ ಬಂದರೆ ಹೇಳುತ್ತೇನೆ. ಮೂರು ಸಲ ತಡೆದದ್ದರಿಂದ ಗಟ್ಟಿ ಅಂತ ಜನ ತಿಳಿಯುತ್ತಾರೆ, ಆದರೆ ಇಲ್ಲಿ ಪ್ರತಿ ಸಲ ಪುಟಿದದ್ದು ಕಡಿಮೆ ಆಗುತ್ತಾ ಬಂದಿದೆ, ಅದನ್ನೂ ಜೊತೆಗೇ ಹೇಳಬೇಕು ಅಲ್ವಾ?

ಜಾಸ್ತಿ ಜನ ಎಡವುವುದು ವಾಲ್ಯೂಮಿನಲ್ಲಿ, ಅಂದರೆ ಎಷ್ಟು ಶೇರು ಕೈ ಬದಲಾಯಿತು ಅನ್ನುವ ಲೆಕ್ಕದಲ್ಲಿ. ಕೆಳಗಿನ ಕೆಂಪು ಕಂಬ ಅಂದರೆ ಬರೀ ಮಾರಿದವರ ಲೆಕ್ಕ ಅಲ್ಲ. ಮಾರಿದ ಪ್ರತಿ ಶೇರನ್ನೂ ಯಾರೋ ಕೊಂಡಿರುತ್ತಾರೆ, ಬಣ್ಣ ಬರುವುದು ಆ ದಿನದ ಕ್ಯಾಂಡಲಿನಿಂದ. ನೋಡಬೇಕಾದ್ದು ಎತ್ತರ. ಇದರಲ್ಲಿ 20 ದಿನದ ಸರಾಸರಿ ಸುಮಾರು 18 ಲಕ್ಷ. ಏರಿದ ದಿನಗಳ ಕಂಬಗಳು ಆ ಗೆರೆಯ ಕೆಳಗೇ ಉಂಟು, 314ರಿಂದ ಜಾರಿದ ದಿನದ್ದು 42 ಲಕ್ಷ. ಏರುವಾಗ ವ್ಯವಹಾರ ಕಡಿಮೆ, ಇಳಿಯುವಾಗ ಜಾಸ್ತಿ. ಚಿತ್ರ ಹೇಳುವುದು ಅಷ್ಟೇ.

ಕೊನೆಯ ಕಂಬ ಬರೀ 6 ಲಕ್ಷ ಇತ್ತು. "ಮಾರುವವರು ಮುಗಿದ್ರು ಅಂತ ಕಾಣ್ತದೆ" ಅಂದರು ಮಾಸ್ಟ್ರು. ಫೋನಿನ ಮೇಲ್ತುದಿಯ ಗಡಿಯಾರ ನೋಡಿ ಅಂದೆ: 11.20. ಪೇಟೆ ಮುಚ್ಚುವುದು 3.30ಕ್ಕೆ. ಆ ಕ್ಯಾಂಡಲ್, ಆ ಕಂಬ ಎರಡೂ ಇನ್ನೂ ಅರ್ಧಂಬರ್ಧ. ಮುಗಿಯದ ಕ್ಯಾಂಡಲನ್ನು ಬಿಟ್ಟೇ ಲೆಕ್ಕ ಹಾಕಿ.

ಇನ್ನೊಂದು, 286 ಸಪೋರ್ಟ್ ಅಂದರೆ 286ಕ್ಕೆ ಮಾರಿ ಹೊರಗೆ ಬರಬಹುದು ಅಂತಲ್ಲ. ಸಂಜೆ ಕಂಪನಿಯ ರಿಸಲ್ಟ್ ಕೆಟ್ಟದಾಗಿ ಬಂದರೆ ಮರುದಿನ ಬೆಳಗ್ಗೆ ಬೆಲೆ ಸೀದಾ 270ಕ್ಕೆ ತೆರೆಯಬಹುದು, ನಡುವಿನ ಬೆಲೆಗೆ ಕೊಳ್ಳುವವರೇ ಇರುವುದಿಲ್ಲ.